ಸಿಂಕ್ ಕಟ್ಟಿಕೊಂಡರೆ ಮೊದಲೇ ಪುಡಿ ಸುರಿಯಬೇಡಿ

ಕಳೆದ ವಾರ ಜಯನಗರದ ನಮ್ಮ ಮನೆಯಲ್ಲಿ ಸಿಂಕ್ ಕಟ್ಟಿಕೊಂಡಿತು. ನೀರು ನಿಂತಿದ್ದ ಹಾಗೇ ಡ್ರೈನ್ ಕ್ಲೀನರ್ ಪುಡಿ ಸುರಿದೆ. ತಪ್ಪಾಗಿದ್ದು ಅಲ್ಲೇ. ಅದರಲ್ಲಿರುವುದು ಕಾಸ್ಟಿಕ್ ಸೋಡಾ. ನೀರು ಹರಿಯದಿದ್ದರೆ ಅದು ಕೆಳಗೆ ಕೂತು, ಬಿಸಿಯಾಗಿ, ಜಿಡ್ಡಿನ ಜೊತೆ ಸೇರಿ ಸೋಪಿನ ಹಾಗೆ ಗಟ್ಟಿಯಾಗುತ್ತದೆ. ಆ ಬಿಸಿಗೆ ಪಿವಿಸಿ ಪೈಪ್ ಮೆತ್ತಗಾಗಲೂಬಹುದು. ಪ್ಲಂಬರ್ ಸಿಂಕಿನ ಕೆಳಗಿನ ಟ್ರ್ಯಾಪ್ ಬಿಚ್ಚಿದಾಗ ಬಂದಿದ್ದು ಒಂದು ಬಿಳಿ ಗಡ್ಡೆ, ಒಳಗೆ ಅನ್ನದ ಅಗುಳು, ಕರಿಬೇವು! ಪುಡಿ ಹಾಕಿದ್ದನ್ನು ಮೊದಲೇ ಹೇಳಿರಲಿಲ್ಲ, ಪಾಪ ಅವರ ಬೆರಳು ಉರಿಯಿತು.

ನೀರು ಪೂರ್ತಿ ನಿಂತಿದ್ದರೆ ಮೊದಲು ಪ್ಲಂಜರ್. ಸಿಂಕಿನ ಪಕ್ಕದ ತೂತಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು 15-20 ಸಲ ಜೋರಾಗಿ ಒತ್ತಿ. ಆಗಲಿಲ್ಲವಾ? ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪಿನ ಬಟ್ಟಲು ಬಿಚ್ಚಿ. ಸಾಮಾನ್ಯವಾಗಿ ಕೈಯಲ್ಲೇ ತಿರುಗುತ್ತದೆ. ತೊಳೆದು ಹಾಕುವಾಗ ವಾಷರ್ ಸರಿಯಾಗಿ ಕೂರಿಸಿ, ಇಲ್ಲದಿದ್ದರೆ ಸೋರುತ್ತದೆ.

ನೀರು ನಿಧಾನಕ್ಕಾದರೂ ಇಳಿಯುತ್ತಿದ್ದರೆ ಮಾತ್ರ ಪುಡಿ. ಅದೂ ಪ್ಯಾಕೆಟ್ ಮೇಲೆ ಬರೆದಷ್ಟೇ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಕುದಿಯುವ ನೀರು ಸುರಿದರೆ ಮುಖಕ್ಕೆ ಚಿಮ್ಮುತ್ತದೆ. ಪುಡಿ ಹಾಕಿದ ಮೇಲೆ ಪ್ಲಂಜರ್ ಮುಟ್ಟಬೇಡಿ. ಟಾಯ್ಲೆಟ್ ಆಸಿಡ್ ಅಂತೂ ಅದರ ಜೊತೆ ಬೇಡವೇ ಬೇಡ.