ಬೆಳಗಿನ ಜಾವ ಮೂರಕ್ಕೆ ಹೊರಡುವ ಎಳನೀರು, ಸಂಜೆ ಆರಕ್ಕೆ ಅರಳುವ ಸೋರೆ

ನಾನು ಮದ್ದೂರು ಕಡೆಯ ರೈತ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಭಾನುವಾರ ನಡೆಯುವ ಸಾವಯವ ಸಂತೆಗೆ ನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ. ಒಂದು ಮೇಜಿನ ಮೇಲೆ ಎಳನೀರು, ಇನ್ನೊಂದರ ಮೇಲೆ ನಾಟಿ ಬೀಜ. ಸಂತೆ ಇರುವುದು ಬೆಳಿಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ. ಆದರೆ ನಮ್ಮ ಕೆಲಸ ಹಿಂದಿನ ವಾರದ ಶನಿವಾರ ರಾತ್ರಿಯೇ ಶುರುವಾಗುತ್ತದೆ. ಎಳನೀರಿಗೂ ಬೀಜಕ್ಕೂ ಅದರದೇ ಗಳಿಗೆ ಇದೆ. ಆ ಗಳಿಗೆ ತಪ್ಪಿದರೆ ಮಾಲು ಚೆನ್ನಾಗಿದ್ದರೂ ವ್ಯಾಪಾರ ಕೆಡುತ್ತದೆ. ಹಾಗಾಗಿ ಗಡಿಯಾರ ಹಿಡಿದುಕೊಂಡೇ ಬರೆಯುತ್ತಿದ್ದೇನೆ.

ಆ ಶನಿವಾರ ರಾತ್ರಿ ಊಟ ಆದ ಮೇಲೆ ಅವ್ವ ಮೊಳಕೆ ಪರೀಕ್ಷೆಗೆ ಕೂರುತ್ತಾರೆ. ಮುಂದಿನ ವಾರ ಯಾವ ಬೀಜ ಒಯ್ಯಬೇಕೋ ಅದರಲ್ಲಿ 20 ಬೀಜ ಎಣಿಸಿ, ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಾಲಾಗಿಟ್ಟು ಸುತ್ತುತ್ತಾರೆ. ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು, ಒಣಗಲೂಬಾರದು. ಅಲಸಂದೆ, ಅವರೆ ಮೂರ್ನಾಲ್ಕು ದಿನಕ್ಕೆ ಮೂಗು ತೋರಿಸುತ್ತವೆ. ಸೋರೆ, ಹೀರೆಗೆ ಹೆಚ್ಚುಕಮ್ಮಿ ಒಂದು ವಾರ ಬೇಕು. ಬರುವ ಶುಕ್ರವಾರ ರಾತ್ರಿ ಎಣಿಸುತ್ತೇವೆ. 20ಕ್ಕೆ 16 ಅಥವಾ ಅದಕ್ಕಿಂತ ಹೆಚ್ಚು ಮೊಳೆತಿದ್ದರೆ ಪೊಟ್ಟಣ ಕಟ್ಟುತ್ತೇವೆ. ಒಂದು ಸಲ ಹಳೇ ಬೆಂಡೆ ಬೀಜ 20ಕ್ಕೆ 9 ಮಾತ್ರ ಬಂತು. ಅದನ್ನು ಒಯ್ಯಲಿಲ್ಲ. ನಮ್ಮ ಹೊಲದಲ್ಲೇ ಗುಣಿಗೆ ಮೂರು ಬೀಜ ಹಾಕಿ ಬೆಳೆಸಿಕೊಂಡೆವು. ಪೊಟ್ಟಣದ ಮೇಲೆ ನಾವು ಬರೆಯುವುದು ಮೂರೇ ವಿಷಯ: ಹೆಸರು, ಕೊಯ್ಲು ಮಾಡಿದ ತಿಂಗಳು, ‘20ಕ್ಕೆ 17’ ಅನ್ನುವ ಮೊಳಕೆ ಲೆಕ್ಕ. ಆ ಲೆಕ್ಕ ನೋಡಿಯೇ ಎಷ್ಟೋ ಜನ ಕೈ ಚಾಚುತ್ತಾರೆ.

ಸಂತೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಮೂರೂವರೆಗೆ ಮರ ಹತ್ತುವವರು ಬರುತ್ತಾರೆ. ಮೊದಲೆಲ್ಲ ಬೆಳಿಗ್ಗೆ ಹತ್ತಕ್ಕೆ ಕೀಳಿಸುತ್ತಿದ್ದೆ. ಇಡೀ ದಿನ ಬಿಸಿಲಲ್ಲಿ ಬಿದ್ದ ಕಾಯಿಯ ನೀರು ಮಾರನೆಯ ದಿನ ಸಪ್ಪೆ ಹೊಡೆಯುತ್ತಿತ್ತು. ಸಂಜೆ ಕೀಳಿಸಿದರೆ ರಾತ್ರಿಯೆಲ್ಲ ತಣ್ಣಗಾಗುತ್ತದೆ, ಕಿತ್ತ ಹದಿನೈದು ಹದಿನಾರು ಗಂಟೆಗೆಲ್ಲ ಗಿರಾಕಿ ಕೈ ಸೇರತೊಡಗುತ್ತದೆ.

ಯಾವ ಗೊನೆ ಕಡಿಯಬೇಕು ಅನ್ನುವುದೇ ಎಲ್ಲಕ್ಕಿಂತ ದೊಡ್ಡ ವಿಷಯ. ನೀರು ಕಾಣುವ ತೆಂಗಿನ ಮರ ಸುಮಾರು ತಿಂಗಳಿಗೊಂದು ಹೊಂಬಾಳೆ ಒಡೆಯುತ್ತದೆ. ಈಗಷ್ಟೇ ಒಡೆದ ಹೊಂಬಾಳೆಯನ್ನು ಒಂದು ಅಂತ ಹಿಡಿದು ಕೆಳಕ್ಕೆ ಎಣಿಸಿದರೆ, ಏಳನೆಯ ಗೊನೆಯಲ್ಲಿ ಆರು ತಿಂಗಳ ಕಾಯಿ, ಎಂಟನೆಯದರಲ್ಲಿ ಏಳು ತಿಂಗಳ ಕಾಯಿ. ಆರು ತಿಂಗಳದ್ದರಲ್ಲಿ ಬರೀ ನೀರು, ಗಂಜಿ ಇನ್ನೂ ಲೋಳೆಯಂತೆ ಇರುತ್ತದೆ. ಏಳು ತಿಂಗಳಿಗೆ ನೀರು ತುಂಬಿ, ಸಿಹಿ ಏರಿ, ತೆಳ್ಳನೆಯ ಗಂಜಿ ಕಟ್ಟಿರುತ್ತದೆ. ಇನ್ನೂ ಬಿಟ್ಟರೆ ಗಂಜಿ ಗಟ್ಟಿಯಾಗುತ್ತಾ ಹೋಗಿ ನೀರು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ನೀರು ಸಾಲದೆ ಹೊಂಬಾಳೆ ಹಿಂದೆ ಮುಂದೆ ಆಗಿದ್ದರೆ ಈ ಎಣಿಕೆ ನಂಬುವಂತಿಲ್ಲ. ಆಗ ಒಂದೊಂದು ಗೊನೆಯಿಂದ ಒಂದು ಕಾಯಿ ಕೆತ್ತಿ ನೋಡಿಯೇ ಉಳಿದದ್ದನ್ನು ಇಳಿಸುತ್ತೇವೆ.

ಗೊನೆಯನ್ನು ಹಗ್ಗ ಕಟ್ಟಿ ಇಳಿಸಬೇಕು. ಸುಮ್ನೆ ಕಡಿದು ಬೀಳಿಸಿದರೆ ಮೇಲೆ ಏನೂ ಕಾಣುವುದಿಲ್ಲ, ಒಳಗೆ ಎಳೆ ಚಿಪ್ಪು ಬಿರುಕು ಬಿಟ್ಟಿರುತ್ತದೆ. ರಾತ್ರಿಯೆಲ್ಲ ನೀರು ಮೆಲ್ಲಗೆ ಮಟ್ಟೆಗೆ ಇಳಿದು ಬೆಳಿಗ್ಗೆ ಅರ್ಧ ಖಾಲಿ ಕಾಯಿ ಸಿಗುತ್ತದೆ. ಇದಕ್ಕೆ ಒಂದು ಪರೀಕ್ಷೆ ಇದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ತುಂಬಿದ ಎಳನೀರು ಸದ್ದು ಮಾಡುವುದಿಲ್ಲ. ಕುಳುಕುಳು ಅಂದರೆ ಅದು ಬಲಿತಿದೆ, ಇಲ್ಲವೇ ಸೋರಿದೆ. ಅಂಥವನ್ನು ಶನಿವಾರ ರಾತ್ರಿಯೇ ಬೇರೆ ಮಾಡುತ್ತೇನೆ. ಗಂಜಿ ಇರುವ ಕಾಯಿಗೆ ತೊಟ್ಟಿನ ಹತ್ತಿರ ಸುಣ್ಣದ ಬೊಟ್ಟು ಇಡುತ್ತೇನೆ. ಬೆಳಿಗ್ಗೆ ಜನ ಮುಗಿಬಿದ್ದಾಗ ತಟ್ಟಿ ನೋಡುತ್ತಾ ನಿಲ್ಲುವ ಪುರುಸೊತ್ತು ಇರುವುದಿಲ್ಲ, ಅದಕ್ಕೆ. ಆಮೇಲೆ ಒದ್ದೆ ಗೋಣಿಚೀಲ ಹೊದಿಸಿ ಗಾಳಿಯಾಡುವ ಕಡೆ ಇಡುತ್ತೇನೆ. ಸಾಮಾನ್ಯವಾಗಿ 220 ಕಾಯಿ. ನನ್ನ ಮೂರು ಚಕ್ರದ ಗೂಡ್ಸ್ ಆಟೋ ಅದಕ್ಕಿಂತ ಹೆಚ್ಚು ಭಾರ ಎಳೆಯುವುದಿಲ್ಲ.

ಭಾನುವಾರ ಬೆಳಗಿನ ಜಾವ 3ಕ್ಕೆ ಹೊರಡುತ್ತೇವೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ನಮ್ಮದು ಸರ್ವಿಸ್ ರಸ್ತೆ. ಭಾರ ಹೇರಿದ ಗಾಡಿಗೆ ಮೂರು ಗಂಟೆ ಹಿಡಿಯುತ್ತದೆ. 6ಕ್ಕೆ ಸೇರಿದರೆ ಮರದ ನೆರಳು ಬೀಳುವ ಜಾಗ ಸಿಗುತ್ತದೆ. ಆರೂವರೆ ದಾಟಿದರೆ ಆ ಜಾಗ ಬೇರೆಯವರದಾಗಿರುತ್ತದೆ, ಹನ್ನೊಂದರ ಹೊತ್ತಿಗೆ ನಮ್ಮ ಮೇಜಿನ ಮೇಲೆ ನೇರ ಬಿಸಿಲು. ಎಳನೀರಿಗೆ ಬಿಸಿಲು ಒಳ್ಳೆಯದಲ್ಲ, ಬೀಜಕ್ಕಂತೂ ಅದಕ್ಕಿಂತ ಕೆಟ್ಟದ್ದು.

7ರಿಂದ 9ರವರೆಗೆ ಬರುವವರು ವಾಕಿಂಗ್ ಮುಗಿಸಿದವರು. ಅವರಿಗೆ ಬೇಕಾದದ್ದು ನೀರು, ಅದೂ ಬೇಗ. ಬೀಜದ ಮೇಜಿನ ಕಡೆ ತಿರುಗಿಯೂ ನೋಡುವುದಿಲ್ಲ. ಈ ಎರಡು ಗಂಟೆ ನಾನೂ ನನ್ನ ಹೆಂಡತಿಯೂ ಇಬ್ಬರೂ ಎಳನೀರಿಗೇ ನಿಲ್ಲುತ್ತೇವೆ. ನಾನು ಮಚ್ಚಿನಲ್ಲಿ ಕೆತ್ತುತ್ತೇನೆ, ಅವಳು ದುಡ್ಡು, ಲೋಟ ನೋಡಿಕೊಳ್ಳುತ್ತಾಳೆ. 2022ರ ಜುಲೈಯಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದ ಮೇಲೆ ನಾವು ಸ್ಟೀಲ್ ಲೋಟ ಇಟ್ಟೆವು. ಬುಂಡೆಯಲ್ಲೇ ಕುಡಿಯುವವರೇ ಜಾಸ್ತಿ.

ಸಾವಯವ ಸಂತೆಗೆ ಬರುವವರೂ ಕಾಯಿಯ ಮೈ ನೋಡುತ್ತಾರೆ. ನುಸಿ ಬಿದ್ದ ಕಾಯಿಯ ತೊಟ್ಟಿನ ಕೆಳಗೆ ಕಂದು ಗೀರು ಇರುತ್ತದೆ. ‘ಇದು ಕೆಟ್ಟಿದೆ ಅಲ್ವಾ?’ ಅಂತ ಪಕ್ಕಕ್ಕಿಡುತ್ತಾರೆ. ಅಂಥದ್ದೇ ಒಂದನ್ನು ಕೆತ್ತಿ ಕುಡಿಯಲು ಕೊಡುತ್ತೇನೆ. ಜೋರಾಗಿ ನುಸಿ ಹಿಡಿದ ಕಾಯಿ ಸಣ್ಣದಾಗುತ್ತದೆ, ನೀರೂ ಕಡಿಮೆ ಇರುತ್ತದೆ, ಹಾಗಾಗಿ ಅದನ್ನು ಹತ್ತು ರೂಪಾಯಿ ಕಡಿಮೆಗೇ ಕೊಡುತ್ತೇನೆ. ಆದರೆ ರುಚಿಯಲ್ಲಿ ವ್ಯತ್ಯಾಸ ಇಲ್ಲ.

9ರ ನಂತರ ಮನೆಮಂದಿ, ಮಕ್ಕಳು ಬರುತ್ತಾರೆ. ಸುಣ್ಣದ ಬೊಟ್ಟಿನ ಕಾಯಿ ಹೋಗುವುದು ಆಗ. ಗಂಜಿ ತೆಗೆದು ತಿನ್ನಲು ಅವರು ಐದು ಹತ್ತು ನಿಮಿಷ ನಿಲ್ಲುತ್ತಾರೆ. ನಿಂತವರ ಕಣ್ಣು ಬೀಜದ ಮೇಲೆ ಬೀಳುತ್ತದೆ. ಆದ್ದರಿಂದ 9ಕ್ಕೆ ಸರಿಯಾಗಿ ನನ್ನ ಹೆಂಡತಿ ಬೀಜದ ಮೇಜಿಗೆ ಹೋಗುತ್ತಾಳೆ. ಮೊದಲ ವರ್ಷ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದೆವು. ಮಚ್ಚಿನ ಏಟಿಗೆ ಚಿಮ್ಮಿದ ನೀರು ಕಾಗದದ ಪೊಟ್ಟಣಕ್ಕೆ ಸಿಡಿಯಿತು. ಮನೆಗೆ ಬಂದು ನೋಡಿದರೆ ಹದಿನೈದು ಪೊಟ್ಟಣ ಒದ್ದೆ. ಮೂರನೆಯ ದಿನಕ್ಕೆ ಬೂಷ್ಟು ಹಿಡಿಯಿತು. ಈಗ ಎರಡು ಮೇಜಿನ ನಡುವೆ ಆರು ಅಡಿ ಅಂತರ. ಮೇಜಿನ ಮೇಲೆ ಪ್ರತಿ ಬೀಜದ ಒಂದೊಂದು ಪೊಟ್ಟಣ ಮಾತ್ರ, ಉಳಿದವು ಕೆಳಗೆ ತಗಡಿನ ಡಬ್ಬಿಯಲ್ಲಿ.

10ರಿಂದ 12 ಬೀಜದ ಹೊತ್ತು. ಕೊಳ್ಳುವವರು ಹೆಚ್ಚಾಗಿ ತಾರಸಿಯಲ್ಲಿ ಕೈತೋಟ ಮಾಡುವವರು. ಒಬ್ಬೊಬ್ಬರಿಗೂ ಹತ್ತು ನಿಮಿಷ ಮಾತು ಬೇಕು. ತೂಕದಲ್ಲಿ ಕೊಡುವುದಿಲ್ಲ, ಎಣಿಸಿ ಕೊಡುತ್ತೇವೆ. ಸೋರೆಯಾದರೆ ಹತ್ತು ಬೀಜ. ‘ರೈತರು ಹೀಗೆ ಬೀಜ ಮಾರಬಹುದಾ?’ ಅಂತ ಕೆಲವರು ಕೇಳುತ್ತಾರೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರ 39ನೇ ಸೆಕ್ಷನ್ ಪ್ರಕಾರ, ಬೆಳೆದ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ಹಂಚಲು, ಮಾರಲು ರೈತರಿಗೆ ಹಕ್ಕಿದೆ. ಆ ಕಾಯ್ದೆಯಡಿ ನೋಂದಾಯಿಸಿದ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ನಾವು ಕೊಡುವುದು ಅವ್ವನ ಕಾಲದಿಂದ ಮನೆಯಲ್ಲಿರುವ ಬೀಜ, ಪೊಟ್ಟಣದ ಮೇಲೆ ಯಾವ ಬ್ರಾಂಡೂ ಇಲ್ಲ.

ಎರಡನೆಯ ವರ್ಷ ಒಬ್ಬ ಅಮ್ಮ ಸಂತೆಗೆ ಬಂದು ಮೊಬೈಲ್‌ನಲ್ಲಿ ಫೋಟೋ ತೋರಿಸಿದರು. ‘ಉದ್ದ ಸೋರೆ ಅಂತ ಕೊಟ್ಟಿರಲ್ಲ, ನೋಡಿ ಇದು.’ ಕಾಯಿ ಉದ್ದವೂ ಇಲ್ಲ, ಗುಂಡಗೂ ಇಲ್ಲ, ಮಧ್ಯದಲ್ಲಿ ಸೊಟ್ಟಗಿತ್ತು. ಮಾತೇ ಹೊರಡಲಿಲ್ಲ ನನಗೆ. ದುಡ್ಡು ವಾಪಸ್ ಕೊಟ್ಟೆ. ಮನೆಗೆ ಬಂದು ಅವ್ವನ ಹತ್ತಿರ ಹೇಳಿದರೆ ಅವರಿಗೆ ಒಂದೇ ಕ್ಷಣದಲ್ಲಿ ಗೊತ್ತಾಯಿತು. ‘ಗುಂಡು ಸೋರೆ ಪಕ್ಕದಲ್ಲೇ ಹಾಕಿದ್ಯಲ್ಲಪ್ಪ’ ಅಂದರು. ಹೌದು, ಆ ವರ್ಷ ಮೂವತ್ತು ಅಡಿ ದೂರದಲ್ಲಿ ಎರಡೂ ಬಳ್ಳಿ ಇದ್ದವು. ಸೋರೆಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಗುಂಡು ಸೋರೆಯ ಪರಾಗ ಉದ್ದ ಸೋರೆಗೆ ಬಿದ್ದಿದೆ. ಆದರೂ ಆ ಬಳ್ಳಿಯ ಕಾಯಿ ಉದ್ದವಾಗಿಯೇ ಇರುತ್ತದೆ, ನೋಡಿದರೆ ಏನೂ ಗೊತ್ತಾಗದು. ಬೆರಕೆ ಆಗಿರುವುದು ಒಳಗಿನ ಬೀಜ. ಅದು ಬೇರೆಯವರ ಮನೆಯಲ್ಲಿ ಬೆಳೆದು ಕಾಯಿ ಬಿಟ್ಟಾಗಲೇ ಬಯಲಾಗುವುದು. ಮೊಳಕೆ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಆ ಬೀಜವೂ 20ಕ್ಕೆ 18 ಮೊಳೆತಿತ್ತು.

ಅಂದಿನಿಂದ ಬೀಜಕ್ಕೆ ಬಿಡುವ ಸೋರೆಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತೇವೆ. ಇದಕ್ಕೂ ಗಳಿಗೆ ಉಂಟು. ಸೋರೆ ಹೂ ಸಂಜೆ ಅರಳಿ ಬೆಳಗಾದ ಮೇಲೆ ಬಾಡುತ್ತದೆ. ಹೀರೆಯೂ ಸಂಜೆಯೇ. ಸಿಹಿಗುಂಬಳ ಮಾತ್ರ ನಸುಕಿನಲ್ಲಿ ಅರಳುತ್ತದೆ. ಸಂಜೆ 4ಕ್ಕೆ ಬಳ್ಳಿ ನೋಡಿದರೆ ಅಂದು ಅರಳುವ ಮೊಗ್ಗು ಗುರುತು ಸಿಗುತ್ತದೆ, ತುದಿ ಬೆಳ್ಳಗೆ ಊದಿಕೊಂಡಿರುತ್ತದೆ. ಕೆಳಗೆ ಪುಟ್ಟ ಕಾಯಿ ಇದ್ದರೆ ಹೆಣ್ಣು. ಗಂಡು, ಹೆಣ್ಣು ಎರಡರ ಮೊಗ್ಗಿನ ತುದಿಗೂ ದಾರ ಸುತ್ತಿ ಹುಳ ಹೋಗದಂತೆ ಕಟ್ಟುತ್ತೇವೆ. ಆರೂವರೆಗೆ ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು, ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಿಕ್ಕಿ, ಮತ್ತೆ ದಾರ ಕಟ್ಟಿ, ತೊಟ್ಟಿಗೆ ಕೆಂಪು ನೂಲು ಹಾಕುತ್ತೇವೆ. ನಾಲ್ಕೈದು ದಿನಕ್ಕೆ ಪುಟ್ಟ ಕಾಯಿ ಹಸಿರಾಗಿ ಊದಿದರೆ ಹಿಡಿದಿದೆ ಅಂತ ಅರ್ಥ, ಹಳದಿಯಾದರೆ ಉದುರುತ್ತದೆ. ಗಂಡು ಹೂ ಒಂದು ಬಳ್ಳಿಯದು, ಹೆಣ್ಣು ಹೂ ಇನ್ನೊಂದರದು ಆಗುವಂತೆ ಆರು ಬಳ್ಳಿಗಳಲ್ಲಿ ಒಂದೊಂದು ಕಾಯಿ ಬಿಡುತ್ತೇವೆ. ಒಂದೇ ಬಳ್ಳಿಯ ಬೀಜವನ್ನು ವರ್ಷ ವರ್ಷ ಹಿಡಿದರೆ ತಳಿ ಸೊರಗುತ್ತದೆ. ಕಾಯಿ ಬಳ್ಳಿಯಲ್ಲೇ ಬಲಿತು ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಎಳನೀರು ಸದ್ದು ಮಾಡಬಾರದು, ಬೀಜದ ಸೋರೆ ಸದ್ದು ಮಾಡಲೇಬೇಕು.

ಹನ್ನೆರಡೂವರೆಗೆ ಕೆತ್ತುವುದು ನಿಲ್ಲಿಸುತ್ತೇನೆ. ಉಳಿದ ಕಾಯಿ ಹತ್ತೋ ಹದಿನೈದೋ ಇದ್ದರೆ ಅಕ್ಕಪಕ್ಕದ ಮೇಜಿನವರಿಗೆ ತರಕಾರಿಗೆ ಬದಲಾಗಿ ಕೊಡುತ್ತೇನೆ. ಖಾಲಿ ಬುಂಡೆ ಒಂದನ್ನೂ ಅಲ್ಲಿ ಬಿಡುವುದಿಲ್ಲ, ಎಲ್ಲ ಗಾಡಿಗೆ ಹೇರುತ್ತೇವೆ. ತೋಟದಲ್ಲಿ ಮರದ ಬುಡದಿಂದ ಐದಾರು ಅಡಿ ದೂರ ಕಾಲುವೆ ತೆಗೆದು, ಮಟ್ಟೆ ಕತ್ತರಿಸಿ ತುಂಬಿ ಮಣ್ಣು ಮುಚ್ಚುತ್ತೇವೆ. ಬೇಸಿಗೆಯಲ್ಲಿ ಆ ಸಾಲಿನ ಮಣ್ಣು ಕೈಗೆ ತಂಪು ಸಿಗುತ್ತದೆ.

ಒಂದೂವರೆಗೆ ಹೊರಟರೆ ಊರು ಸೇರುವುದು ನಾಲ್ಕೂಮುಕ್ಕಾಲು. ಅಷ್ಟರಲ್ಲಿ ಅವ್ವ ಮೊಗ್ಗುಗಳಿಗೆ ದಾರ ಕಟ್ಟಿರುತ್ತಾರೆ. ಕೈಕಾಲು ತೊಳೆದು, ಒಂದು ಲೋಟ ಕಾಫಿ ಕುಡಿದು, ಚಪ್ಪರದ ಕೆಳಗೆ ಹೋಗುತ್ತೇವೆ. ಅವ್ವನ ಕಣ್ಣಿಗೆ ಈಗ ಸಂಜೆ ಬೆಳಕು ಸಾಲುವುದಿಲ್ಲ. ನಾನು ಟಾರ್ಚ್ ಹಿಡಿಯುತ್ತೇನೆ, ಅವರು ದಾರ ಬಿಚ್ಚುತ್ತಾರೆ.