ರಸಪ್ರಶ್ನೆಯ ಉತ್ತರಪಟ್ಟಿಯನ್ನು ಪರಿಶೀಲಿಸುವುದು ಹೇಗೆ?

ರಾಜ್ಯೋತ್ಸವದ ರಸಪ್ರಶ್ನೆಗೆ ಐವತ್ತು ಪ್ರಶ್ನೆಗಳ ಉತ್ತರಪಟ್ಟಿಯನ್ನು ಒಂದೇ ಸಂಜೆ ಸಿದ್ಧಪಡಿಸುವವರು ಪ್ರತಿ ಉತ್ತರವನ್ನೂ ಬರೆದ ಕೂಡಲೇ ಪರಿಶೀಲಿಸಲು ಹೊರಟರೆ ಇಸವಿಯಿಂದ ಹೆಸರಿಗೆ, ಹೆಸರಿನಿಂದ ಎತ್ತರಕ್ಕೆ ಗಮನ ಹಾರುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಎಲ್ಲ ಉತ್ತರಗಳನ್ನೂ ಬರೆದು ಮುಗಿಸಿ, ಇಸವಿಯ ಉತ್ತರಕ್ಕೆ ‘ಇ’, ಅಂಕಿಗೆ ‘ಅಂ’, ಹೆಸರಿಗೆ ‘ಹೆ’ ಎಂದು ಗುರುತು ಹಾಕಿ, ಒಂದೊಂದು ಗುಂಪನ್ನೂ ಪ್ರತ್ಯೇಕವಾಗಿ ನೋಡಬೇಕು.

ಇಸವಿಗಳಿಗೆ ಹೆಚ್ಚು ಸಮಯ ಕೊಡಿ. ಇಲ್ಲಿನ ತಪ್ಪು ಬಹಳಷ್ಟು ಸಲ ಉತ್ತರದಲ್ಲಿರದೆ ಪ್ರಶ್ನೆಯಲ್ಲಿರುತ್ತದೆ. ‘ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂದದ್ದು ಯಾವಾಗ?’ ಎಂದು ಕೇಳಿದರೆ 2010 ಎಂದವರೂ 2011 ಎಂದವರೂ ಸರಿಯೇ, ಏಕೆಂದರೆ ಪ್ರಶಸ್ತಿ 2010ನೇ ಸಾಲಿನದು, ಅದು ಪ್ರಕಟವಾದದ್ದು 2011ರಲ್ಲಿ. ಪ್ರಶ್ನೆಗೆ ‘ಯಾವ ಸಾಲಿನ’ ಎಂಬ ಎರಡು ಪದಗಳನ್ನು ಸೇರಿಸಿದರೆ ಗೊಂದಲ ತೀರುತ್ತದೆ. ಹಾಗೆಯೇ ರಾಜ್ಯ ಏಕೀಕರಣವಾದದ್ದು 1956ರ ನವೆಂಬರ್ 1ರಂದು, ‘ಕರ್ನಾಟಕ’ ಎಂದು ಹೆಸರು ಬದಲಾದದ್ದು 1973ರ ಅದೇ ದಿನಾಂಕದಂದು. ತಿಂಗಳು, ದಿನ ಒಂದೇ ಆಗಿರುವುದರಿಂದ ಇಸವಿಗಳು ಸುಲಭವಾಗಿ ಅದಲುಬದಲಾಗುತ್ತವೆ.

ಅಂಕಿಗಳ ಜೊತೆಗೆ ಅವು ಯಾವ ಲೆಕ್ಕದವು ಎಂಬುದನ್ನೂ ಬರೆದಿಡಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6,11,30,704 ಎಂದು ಒಂದೆಡೆ, 6,10,95,297 ಎಂದು ಇನ್ನೊಂದೆಡೆ ಕಾಣಬಹುದು. ಮೊದಲನೆಯದು ತಾತ್ಕಾಲಿಕ ವರದಿಯದು, ಎರಡನೆಯದು ಅಂತಿಮ ವರದಿಯದು. ಉತ್ತರಪಟ್ಟಿಗೆ ಅಂತಿಮ ಅಂಕಿಯನ್ನೇ ತೆಗೆದುಕೊಳ್ಳಿ. ಅಳತೆಗಳಾದರೆ ಒಂದು ಸಣ್ಣ ಗುಣಾಕಾರ ಸಾಕು: ಜೋಗದ ಎತ್ತರ 253 ಮೀಟರ್ ಎಂದಿದ್ದರೆ 3.28ರಿಂದ ಗುಣಿಸಿ ನೋಡಿ, ಸುಮಾರು 830 ಅಡಿ ಬರಬೇಕು. 380 ಎಂದು ಬರೆದಿದ್ದರೆ ಅಂಕಿಗಳು ಹಿಂದುಮುಂದಾಗಿರುವುದು ಆಗಲೇ ಗೊತ್ತಾಗುತ್ತದೆ.

ಹೆಸರುಗಳನ್ನು ಕಣ್ಣಿನಿಂದ ಓದಿದರೆ ಸಾಲದು; ಅಭ್ಯಾಸಬಲದಿಂದ ಕಣ್ಣು ‘ಕಂಭಾರ’ ಎಂಬುದನ್ನೂ ಸರಿಯಾಗಿಯೇ ಓದಿಕೊಳ್ಳುತ್ತದೆ. ಒಬ್ಬರು ಪುಸ್ತಕದ ಮುಖಪುಟ ನೋಡುತ್ತಾ ಅಕ್ಷರ ಅಕ್ಷರವಾಗಿ ಹೇಳಬೇಕು, ಇನ್ನೊಬ್ಬರು ಪಟ್ಟಿಯ ಮೇಲೆ ಬೆರಳಿಟ್ಟು ಹೋಲಿಸಬೇಕು. ಅಲ್ಪಪ್ರಾಣ, ಮಹಾಪ್ರಾಣ ಮತ್ತು ಒತ್ತಕ್ಷರಗಳಲ್ಲಿ ಹೆಚ್ಚಿನ ಎಚ್ಚರ ಬೇಕು.

ಎರಡು ಜಾಲತಾಣಗಳಲ್ಲಿ ಒಂದೇ ಉತ್ತರವಿದೆ ಎಂದು ನಿಶ್ಚಿಂತರಾಗಬಾರದು. ವಾಕ್ಯಗಳೂ ಒಂದೇ ಆಗಿದ್ದರೆ ಒಂದು ಇನ್ನೊಂದರ ನಕಲಾಗಿರಬಹುದು, ಆಗ ಅವೆರಡೂ ಸೇರಿ ಒಂದೇ ಆಧಾರ. ಇನ್ನು ಕೆಲವು ಸಂಗತಿಗಳಲ್ಲಿ ಒಳ್ಳೆಯ ಆಧಾರಗಳೇ ಒಪ್ಪುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮವರ್ಷ ಹಲವೆಡೆ 1861 ಎಂದಿದೆ, ಆದರೆ ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರಲ್ಲಿ. ವೇದಿಕೆಯ ಮೇಲೆ ಇದನ್ನು ತೀರ್ಮಾನಿಸಲಾಗದು. ಇಸವಿ ಕೇಳುವುದನ್ನು ಬಿಟ್ಟು, ಅವರ ಜನ್ಮದಿನವನ್ನು ದೇಶದಲ್ಲಿ ಯಾವ ದಿನವೆಂದು ಆಚರಿಸುತ್ತಾರೆ ಎಂದು ಕೇಳಿ. ಸೆಪ್ಟೆಂಬರ್ 15 ಎಂಜಿನಿಯರ್‌ಗಳ ದಿನ ಎಂಬುದರಲ್ಲಿ ತಕರಾರಿಲ್ಲ.