ಬಾಕಿ ಉಳಿಸಿಕೊಂಡ ಗಿರಾಕಿಗೆ ಬರೆದ ಕೊನೆಯ ಪತ್ರ

ಹುಬ್ಬಳ್ಳಿಯಲ್ಲಿ ಚೂಡಾ, ಶೇವು ಮಾರುವ ಒಂದು ಕಂಪನಿಗೆ ನಾನು ಧಾರವಾಡದ ಮನೆಯಿಂದಲೇ ಪ್ಯಾಕೆಟ್ ಡಿಸೈನ್ ಮಾಡಿ ಕೊಡುತ್ತಿದ್ದೆ. ಬಿಲ್ ಕೊಟ್ಟ 30 ದಿನಕ್ಕೆ ದುಡ್ಡು ಎಂದು ಮಾತಾಗಿತ್ತು. ಮೊದಲ ಬಿಲ್ ಸರಿಯಾಗಿ ಬಂತು. ಆಮೇಲಿನ ಎರಡು, 16,500 ಮತ್ತು 11,000 ರೂಪಾಯಿ, ಐದು ತಿಂಗಳಾದರೂ ಬರಲಿಲ್ಲ. ಫೋನ್ ಮಾಡಿದರೆ ಲೆಕ್ಕ ನೋಡುವವರದ್ದು ಒಂದೇ ಮಾತು: "ಸಾವ್ಕಾರ್ರು ಊರಾಗಿಲ್ರೀ ಸರ್, ಸೋಮವಾರ ಹಾಕ್ತೀವಿ." ಆ ಸೋಮವಾರ ಬರಲೇ ಇಲ್ಲ, ದೀಪಾವಳಿ ಗಿಫ್ಟ್ ಬಾಕ್ಸಿನ ಹೊಸ ಕೆಲಸ ಮಾತ್ರ ಬಂತು.

ಆ ಕೆಲಸ ಅರ್ಧ ಆದಾಗ ನಿಲ್ಲಿಸಿದೆ. ರಾತ್ರಿ ಸಿಟ್ಟಿನಲ್ಲಿ ಎರಡು ಪುಟ ಬರೆದೆ, ಬೆಳಗ್ಗೆ ಓದಿ ಅಳಿಸಿದೆ. ಅದರಲ್ಲಿ ಬೈಗುಳ ಜಾಸ್ತಿ ಇತ್ತು, ಲೆಕ್ಕ ಇರಲಿಲ್ಲ. ಕೊನೆಗೆ ಕಳಿಸಿದ್ದು ಒಂದು ಪುಟ. ಪ್ರತಿ ಬಿಲ್ಲಿನ ನಂಬರ್, ತಾರೀಕು, ಮೊತ್ತ. ಅರ್ಧ ಮಾಡಿದ ಬಾಕ್ಸಿಗೆ ಒಪ್ಪಿದ 9,000ದಲ್ಲಿ 4,500ರ ಹೊಸ ಬಿಲ್. ಒಟ್ಟು 32,000. ಕೊಡಲು 15 ದಿನ. "ಇಂದಿನಿಂದ ಹೊಸ ಕೆಲಸವಾಗಲಿ, ತಿದ್ದುಪಡಿಯಾಗಲಿ ಮಾಡುವುದಿಲ್ಲ" ಎಂದು ಸ್ಪಷ್ಟವಾಗಿ ಬರೆದೆ.

ಜಾಸ್ತಿ ಯೋಚಿಸಿದ್ದು ಫೈಲುಗಳ ಬಗ್ಗೆ. ನಾನು ಅವರ ಸಂಬಳದ ನೌಕರನಲ್ಲ. ಹಾಗಾಗಿ ನಾನು ಮಾಡಿದ ಡಿಸೈನಿನ ಹಕ್ಕು, ಸಹಿ ಮಾಡಿದ ಬರಹದಲ್ಲಿ ಬಿಟ್ಟುಕೊಡುವ ತನಕ, 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನನ್ನದೇ. ಹಾಗಂತ ಎಲ್ಲ ಫೈಲನ್ನೂ ಹಿಡಿದಿಟ್ಟುಕೊಳ್ಳುವುದು ನ್ಯಾಯವಲ್ಲ, ಅಲ್ವಾ? ದುಡ್ಡು ಬಂದ ಮೊದಲ ಪ್ಯಾಕೆಟ್ಟಿನ ಕೋರಲ್ ಡ್ರಾ ಫೈಲನ್ನು ಪತ್ರದ ಜೊತೆಗೇ ಕಳಿಸಿದೆ. ಫಾಂಟ್‌ಗಳ ಲೈಸೆನ್ಸ್ ನನ್ನ ಹೆಸರಲ್ಲಿದ್ದುದರಿಂದ ಅಕ್ಷರಗಳನ್ನು ಕರ್ವ್ಸ್, ಅಂದರೆ ಫಾಂಟ್ ಬೇಡದ ಗೆರೆಚಿತ್ರ, ಮಾಡಿ ಕೊಟ್ಟೆ.

ಒಂದು ತಪ್ಪು ಮಾತ್ರ ಮೊದಲೇ ಆಗಿತ್ತು. 11,000ದ ಬಿಲ್ಲಿನ ಪ್ಯಾಕೆಟ್ಟಿನ ಪಿಡಿಎಫ್ ಅನ್ನು ಅವಸರಕ್ಕೆಂದು ಪ್ರಿಂಟಿಂಗ್ ಪ್ರೆಸ್ಸಿಗೆ ನೇರವಾಗಿ ವಾಟ್ಸಾಪ್ ಮಾಡಿದ್ದೆ. ಆ ಪ್ಯಾಕೆಟ್ ಆಗಲೇ ಅಂಗಡಿಗಳಲ್ಲಿತ್ತು. ಅದಕ್ಕೆ ಹೀಗೆ ಬರೆದೆ: "ಈ ಎರಡು ಬಿಲ್ಲಿನ ಡಿಸೈನ್‌ಗಳ ಹಕ್ಕನ್ನು ಅವುಗಳ ಪೂರ್ತಿ ಹಣ ಬಂದ ದಿನ ಸಹಿ ಮಾಡಿ ಕೊಡುತ್ತೇನೆ. ಅಲ್ಲಿಯವರೆಗೆ ಮತ್ತೆ ಅಚ್ಚು ಹಾಕಿಸಬೇಡಿ."

ಕೊನೆಗೆ, ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ನೋಂದಾಯಿಸಿದಾಗ ಸಿಗುವ ನನ್ನ ಉದ್ಯಮ್ ನಂಬರ್ ಹಾಕಿದೆ. ನೋಂದಣಿಯನ್ನು ಇವರ ಕೆಲಸ ಹಿಡಿಯುವ ಮೊದಲೇ ಮಾಡಿಸಿದ್ದೆ. ಆಮೇಲೆ ಮಾಡಿಸಿದ್ದರೆ ಹಳೇ ಬಿಲ್ಲಿಗೆ ಅದನ್ನು ನೆಚ್ಚಿಕೊಳ್ಳುವುದು ಕಷ್ಟ. ಇಂಥ ಸಣ್ಣ ಉದ್ದಿಮೆಗಳಿಗಿರುವ ಎಂಎಸ್‌ಎಂಇ ಕಾಯ್ದೆಯಲ್ಲಿ, ಒಪ್ಪಂದ ಏನೇ ಇದ್ದರೂ ದುಡ್ಡು ಕೊಡುವುದು 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಬಡ್ಡಿ ಕೇಳುವ ಹಕ್ಕು ನನಗಿದೆ ಎಂದು ಒಂದೇ ಸಾಲು ಬರೆದೆ.

ಪತ್ರವನ್ನು ಇಮೇಲ್‌ ಮಾಡಿದೆ, ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಹಾಕಿದೆ. ಹನ್ನೆರಡನೇ ದಿನ 27,500 ಬಂತು. ಅಂದೇ ಎರಡೂ ಫೈಲು, ಸಹಿ ಮಾಡಿದ ಹಕ್ಕುಪತ್ರ ಕಳಿಸಿದೆ. ಬಾಕ್ಸಿನ 4,500 ಇನ್ನೂ ಬಂದಿಲ್ಲ. ಅದರ ಫೈಲು ನನ್ನ ಹತ್ತಿರವೇ ಇದೆ.